ಫೈಲು ಹಿಗ್ಗಿದರೆ ಪದ್ಯ ಹಿಗ್ಗೀತೆ?

ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕನ ಮಗ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. "ಮಾವ, ಆ ಆಟದ ರೆಕಾರ್ಡಿಂಗ್ ಇತ್ತಲ್ಲ, ಅದನ್ನು ಲಾಸ್‌ಲೆಸ್ ಮಾಡಿದ್ದೇನೆ. ಇನ್ನು ಸಿ.ಡಿ. ಇದ್ದ ಹಾಗೆ ಕೇಳುತ್ತದೆ" ಎಂದ. ಮುಖದಲ್ಲಿ ಸಂಭ್ರಮವಿತ್ತು. ನನಗೂ ಒಂದು ಕ್ಷಣ ಆಸೆಯಾಯಿತು.

ಅದು ನಮ್ಮೂರಿನ ದೇವಸ್ಥಾನದ ಗದ್ದೆಯಲ್ಲಿ ನಡೆದ ಬಯಲಾಟ. ಭಾಗವತರ ಕಂಠ ಆಗ ತುಂಬಿ ಹರಿಯುತ್ತಿದ್ದ ಕಾಲ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಾಗುವವರೆಗೆ ನಡೆದ ಆಟವನ್ನು ಸಣ್ಣದೊಂದು ಡಿಜಿಟಲ್ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಎಂಟು ಗಂಟೆಯ ಧ್ವನಿ ಕಾರ್ಡಿನಲ್ಲಿ ಸುಮಾರು 5 ಜಿಬಿ ನುಂಗಿತ್ತು. ಮುಂದಿನ ವಾರ ಇನ್ನೊಂದು ಆಟಕ್ಕೆ ಅದೇ ಕಾರ್ಡ್ ಬೇಕಾಗಿತ್ತು. ಹಾಗಾಗಿ ಎಲ್ಲವನ್ನೂ 128 ಕೆಬಿಪಿಎಸ್ ಎಂಪಿ3 ಮಾಡಿ, ಮೂಲವನ್ನು ಅಳಿಸಿದೆ. 5 ಜಿಬಿ ಇದ್ದದ್ದು 460 ಎಂಬಿಗೆ ಇಳಿಯಿತು. ಅವತ್ತು ಅದು ಜಾಣತನವೆಂದೇ ಅನಿಸಿತ್ತು.

ಈಗ ಅಳಿಯ ಅದರಿಂದ ನಾಲ್ಕು ನಿಮಿಷದ ಒಂದು ಪದ್ಯವನ್ನು ಆರಿಸಿ ಫ್ಲ್ಯಾಕ್‌ಗೆ ಬದಲಿಸಿದ್ದ. ಎಂಪಿ3 ಆಗಿದ್ದಾಗ 3.84 ಎಂಬಿ ಇದ್ದ ಪದ್ಯ ಈಗ 24 ಎಂಬಿ ಆಗಿತ್ತು. "ನೋಡಿ ಮಾವ, ಇಪ್ಪತ್ತು ಎಂಬಿ ಜಾಸ್ತಿ ಬಂದಿದೆ" ಎಂದು ತೋರಿಸಿದ. ಆ ಇಪ್ಪತ್ತು ಎಂಬಿ ಎಲ್ಲಿಂದ ಬಂತು, ಅದರಲ್ಲಿ ಏನು ತುಂಬಿದೆ ಎಂದು ಹುಡುಕುತ್ತಾ ಹೋದರೆ, ಕಳೆದದ್ದು ಯಾಕೆ ವಾಪಸ್ ಬರುವುದಿಲ್ಲ ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಮೂಲ ಫೈಲಿನಲ್ಲಿ ಏನಿರುತ್ತದೆ ಎಂದು ನೋಡೋಣ. ಮೈಕಿನ ಮುಂದೆ ಭಾಗವತರು ಹಾಡಿದಾಗ ಗಾಳಿಯ ಒತ್ತಡ ಏರಿಳಿಯುತ್ತದೆ. ರೆಕಾರ್ಡರ್ ಆ ಏರಿಳಿತವನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು, ಪ್ರತಿ ಸಂಖ್ಯೆಗೆ ಎರಡು ಬೈಟ್ ಜಾಗ. ನಾಲ್ಕು ನಿಮಿಷಕ್ಕೆ ಲೆಕ್ಕ ಹಾಕಿದರೆ ಸುಮಾರು 42 ಎಂಬಿ ಆಗುತ್ತದೆ. ಸಿ.ಡಿ.ಯಲ್ಲಿ ಇರುವುದೂ ಇದೇ. ಕಂಪ್ಯೂಟರಿನಲ್ಲಿ ಇದು ಸಾಮಾನ್ಯವಾಗಿ ವೇವ್ ಫೈಲ್ ಆಗಿ ಕೂತಿರುತ್ತದೆ. ಇದರಲ್ಲಿ ಜಾಣತನ ಏನೂ ಇಲ್ಲ. ಅಳೆದದ್ದನ್ನು ಅಳೆದ ಹಾಗೆಯೇ ಬರೆದ ಉದ್ದನೆಯ ಪಟ್ಟಿ ಅಷ್ಟೇ.

ಈ 42 ಎಂಬಿಯನ್ನು 3.84ಕ್ಕೆ ಇಳಿಸುವ ವಿದ್ಯೆ ಎಂಪಿ3ಯದು. ಜರ್ಮನಿಯ ಎರ್ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಇದನ್ನು ರೂಪಿಸಿದರು. `.mp3` ಎಂಬ ಬಾಲವನ್ನು ಅವರು ಗೊತ್ತುಮಾಡಿದ್ದು 1995ರ ಜುಲೈಯಲ್ಲಿ. ಅವರು ನೆಚ್ಚಿಕೊಂಡದ್ದು ನಮ್ಮ ಕಿವಿಯ ಒಂದು ಗುಣವನ್ನು. ಜೋರಾದ ಸದ್ದಿನ ಪಕ್ಕದಲ್ಲಿ ಅದಕ್ಕೆ ಹತ್ತಿರದ ಸ್ಥಾಯಿಯ ಸಣ್ಣ ಸದ್ದು ನಮಗೆ ಕೇಳಿಸುವುದಿಲ್ಲ. ಚಂಡೆಯ ಉರುಳಿಕೆ ಏರುತ್ತಿರುವಾಗ ಹಿಂದೆ ಯಾರೋ ಚಾಪೆ ಎಳೆದ ಸದ್ದನ್ನು ಕೇಳಿದವರುಂಟೆ? ರೆಕಾರ್ಡರ್ ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿರುತ್ತದೆ. ಕೇಳಿಸದ್ದನ್ನು ಅಷ್ಟು ನಿಖರವಾಗಿ ಇಟ್ಟುಕೊಳ್ಳುವುದು ಯಾಕೆ ಎಂಬುದು ಎಂಪಿ3ಯ ಪ್ರಶ್ನೆ.

ಅದು ಕೆಲಸ ಮಾಡುವ ಕ್ರಮ ಹೀಗಿದೆ. ಪದ್ಯವನ್ನು ಸೆಕೆಂಡಿನ ಸಾವಿರದ 26 ಭಾಗದಷ್ಟು ಉದ್ದದ ತುಣುಕುಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಂದೊಂದು ತುಣುಕಿನಲ್ಲೂ ಯಾವ ಸ್ಥಾಯಿಯ ಸದ್ದು ಎಷ್ಟಿದೆ ಎಂದು ವಿಂಗಡಿಸುತ್ತದೆ. ಆಮೇಲೆ ಆ ಸಂಖ್ಯೆಗಳನ್ನು ಅಂದಾಜಿಗೆ ಇಳಿಸುತ್ತದೆ. ಕಿವಿ ಸೂಕ್ಷ್ಮವಾಗಿರುವ ಕಡೆ ಅಂದಾಜು ಹತ್ತಿರದ್ದು, ಕಿವಿ ಗಮನಿಸದ ಕಡೆ ಅಂದಾಜು ಒರಟು. ತೀರಾ ಸಣ್ಣ ಸಂಖ್ಯೆಗಳು ಸೊನ್ನೆಯೇ ಆಗಿಬಿಡುತ್ತವೆ. ಮೂಲದಲ್ಲಿ 4,608 ಬೈಟ್ ತೆಗೆದುಕೊಳ್ಳುತ್ತಿದ್ದ ಒಂದು ತುಣುಕು 128 ಕೆಬಿಪಿಎಸ್ ಎಂಪಿ3ಯಲ್ಲಿ 418 ಬೈಟಿನಲ್ಲಿ ಮುಗಿಯುತ್ತದೆ.

ಈ ಅಂದಾಜಿನ ಹೆಜ್ಜೆಯಲ್ಲೇ ಎಲ್ಲ ಇರುವುದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ದಿನಸಿ ಅಂಗಡಿಯ ಲೆಕ್ಕದ ಪುಸ್ತಕವನ್ನು ನೆನೆಸಿಕೊಳ್ಳಿ. ಒಬ್ಬರ ಬಾಕಿ 43 ರೂಪಾಯಿ, ಇನ್ನೊಬ್ಬರದು 47, ಮತ್ತೊಬ್ಬರದು 52, ಮಗದೊಬ್ಬರದು 58. ಬರೆಯುವುದು ಸುಲಭವಾಗಲೆಂದು ಅಂಗಡಿಯವರು ಎಲ್ಲವನ್ನೂ ಹತ್ತರ ಲೆಕ್ಕಕ್ಕೆ ತಂದು 40, 50, 50, 60 ಎಂದು ಬರೆದುಕೊಂಡರು, ಹಳೆಯ ಚೀಟಿಗಳನ್ನು ಒಲೆಗೆ ಹಾಕಿದರು. ಒಂದು ವರ್ಷದ ನಂತರ ಮಗ ಬಂದು, ಲೆಕ್ಕ ಪಕ್ಕಾ ಇರಬೇಕೆಂದು, ಹೊಸ ಪುಸ್ತಕ ತೆಗೆದು ಪೈಸೆಯ ಕಾಲಂ ಎಳೆದು 40.00, 50.00, 50.00, 60.00 ಎಂದು ನಕಲು ಮಾಡಿದ. ಈ ಪುಸ್ತಕ ಪೈಸೆಯವರೆಗೂ ನಿಖರ ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆದರೆ ಮೊದಲನೆಯವರ ಬಾಕಿ 43 ಎಂದು ಅದರಿಂದ ತಿಳಿಯುತ್ತದೆಯೇ? 40 ಎಂದು ಬರೆದಿರುವ ಕಡೆ ಮೂಲದಲ್ಲಿ 35ರಿಂದ 44ರವರೆಗೆ ಯಾವ ಸಂಖ್ಯೆಯಾದರೂ ಇದ್ದಿರಬಹುದು. ಹತ್ತೂ ಸಂಖ್ಯೆಗಳು ಒಂದೇ ಗೂಡಿಗೆ ಬಂದು ಬಿದ್ದಿವೆ. ಗೂಡನ್ನು ನೋಡಿ ಒಳಗೆ ಬಿದ್ದದ್ದು ಯಾವುದೆಂದು ಹೇಳಲು ಬರುವುದಿಲ್ಲ.

ಹೀಗೆ ಎರಡು ಸಂಖ್ಯೆ ಇದ್ದರೆ ನೂರು ಸಾಧ್ಯತೆ, ಮೂರಿದ್ದರೆ ಸಾವಿರ. ಎಂಪಿ3 ಒಂದು ಸಲಕ್ಕೆ ಹಿಡಿಯುವುದು 576 ಸಂಖ್ಯೆಗಳ ಕಂತೆಯನ್ನು. ಪ್ರತಿ ಸಂಖ್ಯೆಗೆ ಹತ್ತೇ ಸಾಧ್ಯತೆ ಇದೆಯೆಂದು ಇಟ್ಟುಕೊಂಡರೂ, ಒಂದರ ಮುಂದೆ 576 ಸೊನ್ನೆ ಬರೆದಷ್ಟು ಬೇರೆ ಬೇರೆ ಮೂಲಗಳು ಅದೇ ಒಂದು ಎಂಪಿ3 ತುಣುಕಿಗೆ ಬಂದು ಸೇರುತ್ತವೆ. ಅವುಗಳಲ್ಲಿ ಒಂದರಲ್ಲಿ ಮಾತ್ರ ನಮ್ಮೂರ ಗದ್ದೆಯ ಆ ರಾತ್ರಿ ಇತ್ತು. ಅದು ಯಾವುದೆಂಬ ಗುರುತು ಎಂಪಿ3ಯ ಒಳಗೆ ಎಲ್ಲೂ ಇಲ್ಲ. ಗುರುತು ಅಡಗಿ ಕೂತಿದ್ದರೆ ಹುಡುಕಿ ತೆಗೆಯಬಹುದಿತ್ತು. ಆದರೆ ಅದನ್ನು ಬರೆದೇ ಇಲ್ಲ.

ಫ್ಲ್ಯಾಕ್‌ನ ದಾರಿ ಬೇರೆ. ಜಾಶ್ ಕೋಲ್‌ಸನ್ ಎಂಬವರು ಬರೆದ ಇದರ ಮೊದಲ ಪೂರ್ಣ ಆವೃತ್ತಿ 2001ರಲ್ಲಿ ಬಂತು. ಇದೂ ಫೈಲನ್ನು ಚಿಕ್ಕದು ಮಾಡುತ್ತದೆ, ಆದರೆ ಏನನ್ನೂ ಅಂದಾಜಿಗೆ ಇಳಿಸುವುದಿಲ್ಲ. ಧ್ವನಿಯ ಸಂಖ್ಯೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಜಿಗಿಯುವುದು ಕಡಿಮೆ. 1000, 1010, 1021, 1031, 1040 ಎಂದು ಮೆಲ್ಲಗೆ ಏರುತ್ತವೆ ಅಥವಾ ಇಳಿಯುತ್ತವೆ. ಆದ್ದರಿಂದ ಮೊದಲನೆಯದನ್ನು ಪೂರ್ತಿ ಬರೆದು, ಮುಂದಕ್ಕೆ ವ್ಯತ್ಯಾಸವನ್ನಷ್ಟೇ ಬರೆದರೆ ಸಾಕು: 1000, ಆಮೇಲೆ 10, 11, 10, 9. ಸಣ್ಣ ಸಂಖ್ಯೆಗಳಿಗೆ ಸಣ್ಣ ಜಾಗ. ಬೇಕಾದಾಗ ಕೂಡಿಸುತ್ತಾ ಹೋದರೆ ಮೂಲದ ಪಟ್ಟಿ ಒಂದು ಅಂಕಿಯೂ ತಪ್ಪದೆ ಎದ್ದು ಬರುತ್ತದೆ. ನಿಜವಾದ ಫ್ಲ್ಯಾಕ್ ಹಿಂದಿನ ಹಲವು ಸಂಖ್ಯೆಗಳನ್ನು ನೋಡಿ ಮುಂದಿನದನ್ನು ಊಹಿಸಿ, ಊಹೆ ಎಷ್ಟು ತಪ್ಪಿತು ಎಂಬುದನ್ನು ಬರೆಯುತ್ತದೆ. ತತ್ವ ಮಾತ್ರ ಇದೇ. ಸಾಮಾನ್ಯ ಸಂಗೀತದಲ್ಲಿ ಮೂಲದ ಅರ್ಧದಿಂದ ಮುಕ್ಕಾಲರ ನಡುವೆ ಗಾತ್ರ ಇಳಿಯುತ್ತದೆ.

ಲಾಸ್‌ಲೆಸ್ ಎಂಬ ಪದದ ಅರ್ಥ ಇಷ್ಟೇ. ನನ್ನ ಕೈಗೆ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸುತ್ತೇನೆ ಎಂದು ಫ್ಲ್ಯಾಕ್ ಮಾತು ಕೊಡುತ್ತದೆ. ಕೈಗೆ ಬರುವ ಮೊದಲು ಏನಾಗಿತ್ತು ಎಂಬುದಕ್ಕೆ ಅದು ಜವಾಬ್ದಾರಿ ಅಲ್ಲ. ನನ್ನ ಅಳಿಯ ಅದರ ಕೈಗೆ ಕೊಟ್ಟದ್ದು 40, 50, 50, 60 ಎಂಬ ಪುಸ್ತಕವನ್ನು.

ಹಾಗಾದರೆ ಆ ಇಪ್ಪತ್ತು ಎಂಬಿ ಎಲ್ಲಿಂದ ಬಂತು? ಎಂಪಿ3ಯನ್ನು ಕೇಳಬೇಕಾದರೆ ಯಾವುದೇ ಪ್ಲೇಯರ್ ಅದನ್ನು ಬಿಡಿಸಿ, ಮತ್ತೆ ಸೆಕೆಂಡಿಗೆ 44,100ರಂತೆ ಸಂಖ್ಯೆಗಳ ಪಟ್ಟಿ ಮಾಡಲೇಬೇಕು. ಸ್ಪೀಕರಿಗೆ ಬೇರೆ ಭಾಷೆ ತಿಳಿಯದು. ಬಿಡಿಸಿದಾಗ ಪದ್ಯ ಪುನಃ 42 ಎಂಬಿ ಆಗುತ್ತದೆ. ಆದರೆ ಪಟ್ಟಿಯಲ್ಲಿರುವುದು ಮೂಲದ ಸಂಖ್ಯೆಗಳಲ್ಲ, ಅಂದಾಜಿನಿಂದ ಕಟ್ಟಿದ ಸಂಖ್ಯೆಗಳು. ಬದಲಿಸುವ ಸಾಫ್ಟ್‌ವೇರ್ ಈ ಪಟ್ಟಿಯನ್ನೇ ಫ್ಲ್ಯಾಕ್‌ಗೆ ಒಪ್ಪಿಸುತ್ತದೆ. ಇದು 3.84 ಎಂಬಿಯ ಒಂದು ಚೀಟಿಯಿಂದ ಹುಟ್ಟಿದ ಪಟ್ಟಿ ಎಂದು ಫ್ಲ್ಯಾಕ್‌ಗೆ ಗೊತ್ತಿಲ್ಲ. ಪ್ರತಿ ಸಂಖ್ಯೆಯನ್ನೂ ಮುತ್ತಿನಂತೆ ಎಣಿಸಿ ಕಾಪಾಡುತ್ತದೆ, 24 ಎಂಬಿಗಿಂತ ಕೆಳಗೆ ಇಳಿಸಲಾಗದೆ ನಿಲ್ಲುತ್ತದೆ. ಎಂಪಿ3 ಮಾಡಿದ ತಪ್ಪುಗಳೂ ಆ ಪಟ್ಟಿಯಲ್ಲಿವೆ. ಅವೂ ಅಷ್ಟೇ ಭದ್ರವಾಗಿ ಉಳಿಯುತ್ತವೆ. ಹೆಚ್ಚಾದ ಇಪ್ಪತ್ತು ಎಂಬಿಯಲ್ಲಿ ಭಾಗವತರ ಕಂಠದ ಒಂದು ಎಳೆಯೂ ಇಲ್ಲ.

ಇದನ್ನು ಅಳಿಯನಿಗೆ ಬಾಯಲ್ಲಿ ಹೇಳಿದಾಗ ಅವನು ಅರೆಮನಸ್ಸಿನಿಂದ ತಲೆಯಾಡಿಸಿದ. ಅದೃಷ್ಟಕ್ಕೆ ತೋರಿಸಲು ನನ್ನ ಹತ್ತಿರ ಒಂದು ವಸ್ತು ಇತ್ತು. ಆ ರಾತ್ರಿ ಮೈಕ್ ವ್ಯವಸ್ಥೆ ನೋಡಿಕೊಂಡಿದ್ದ ಗೆಳೆಯರು, ಧ್ವನಿ ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಲು ಇದೇ ಪದ್ಯದ ಮೂಲ ವೇವ್ ಫೈಲನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಎಂಟು ಗಂಟೆಯ ಆಟದಲ್ಲಿ ಉಳಿದ ನಾಲ್ಕು ನಿಮಿಷದ ಮೂಲ ಅದೊಂದೇ. ಮೂಲ, ಎಂಪಿ3, ಎಂಪಿ3ಯಿಂದ ಹುಟ್ಟಿದ ಫ್ಲ್ಯಾಕ್ ಮೂರನ್ನೂ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಒಂದರ ಕೆಳಗೊಂದು ತೆರೆದೆವು.

ಆಡಾಸಿಟಿಯಲ್ಲಿ ಪ್ರತಿ ಟ್ರ್ಯಾಕಿನ ಹೆಸರಿನ ಬಳಿ ಇರುವ ಮೆನುವಿನಲ್ಲಿ `Spectrogram` ಎಂದು ಆರಿಸಿದರೆ ಅಲೆಯ ಗೆರೆಯ ಬದಲು ಬಣ್ಣದ ಚಿತ್ರ ಬರುತ್ತದೆ. ಕೆಳಗೆ ತಗ್ಗು ಸ್ಥಾಯಿ, ಮೇಲೆ ಎತ್ತರದ ಸ್ಥಾಯಿ, ಸದ್ದು ಇರುವ ಕಡೆ ಬಣ್ಣ. ಮೂಲದಲ್ಲಿ ಚಕ್ರತಾಳ ತಟ್ಟಿದಾಗಲೆಲ್ಲ ಒಂದೊಂದು ಬಣ್ಣದ ಕಂಬ ಎದ್ದು 20 ಕಿಲೋಹರ್ಟ್ಸ್‌ವರೆಗೂ ಚಾಚಿತ್ತು. ಎಂಪಿ3ಯಲ್ಲಿ ಅದೇ ಕಂಬಗಳು 16 ಕಿಲೋಹರ್ಟ್ಸ್ ಹತ್ತಿರ, ಬೇಲಿಗೆ ಕತ್ತರಿ ಆಡಿಸಿದ ಹಾಗೆ, ಒಂದೇ ಮಟ್ಟಕ್ಕೆ ಕತ್ತರಿಸಿಹೋಗಿದ್ದವು. ಬೈಟುಗಳು ಸಾಲದಾದಾಗ ಎಂಪಿ3 ಮಾಡುವ ಸಾಫ್ಟ್‌ವೇರ್ ಮೊದಲು ಕೈಬಿಡುವುದು ಆ ಮೇಲಿನ ಭಾಗವನ್ನು. ಫ್ಲ್ಯಾಕ್‌ನ ಚಿತ್ರ? ಎಂಪಿ3ಯ ಚಿತ್ರದ ಪಡಿಯಚ್ಚು. ಮೇಲೆ ಅಷ್ಟೂ ಜಾಗ ಖಾಲಿ.

ಚಂಡೆಯ ಒಂದು ಪೆಟ್ಟನ್ನು ಹಿಗ್ಗಿಸಿ ನೋಡಿದೆವು. ಮೂಲದಲ್ಲಿ ಪೆಟ್ಟಿಗೆ ಮುಂಚೆ ಹೆಚ್ಚುಕಡಿಮೆ ನಿಶ್ಶಬ್ದ, ಆಮೇಲೆ ಗೋಡೆ ಎದ್ದ ಹಾಗೆ ಸದ್ದು. ಎಂಪಿ3ಯಲ್ಲಿ ಪೆಟ್ಟಿಗೆ ಸ್ವಲ್ಪ ಮೊದಲೇ ಸಣ್ಣ ಗೊಜಗೊಜ ಶುರುವಾಗಿತ್ತು. ಅಂದಾಜಿನ ತಪ್ಪು ಇಡೀ ತುಣುಕಿನ ಉದ್ದಕ್ಕೂ ಹರಡುವುದರಿಂದ, ಕೋಲು ಚರ್ಮಕ್ಕೆ ತಗಲುವ ಮೊದಲೇ ಅದರ ನೆರಳು ಬಿದ್ದಿರುತ್ತದೆ. ಕಿವಿಗೆ ಇದು ಬೇರೆ ಸದ್ದಾಗಿ ಕೇಳುವುದಿಲ್ಲ. ಪೆಟ್ಟಿನ ಮೊನೆ ಮೊಂಡಾಗಿದೆ ಎಂದು ಮಾತ್ರ ಅನಿಸುತ್ತದೆ. ಫ್ಲ್ಯಾಕ್‌ನಲ್ಲಿ ಆ ಗೊಜಗೊಜವೂ ಇತ್ತು, ಅದೇ ಜಾಗದಲ್ಲಿ, ಅಷ್ಟೇ ಪ್ರಮಾಣದಲ್ಲಿ.

ಕೊನೆಗೆ ಕಳೆದು ನೋಡುವ ಪರೀಕ್ಷೆ ಮಾಡಿದೆವು. ಎರಡು ಟ್ರ್ಯಾಕುಗಳಲ್ಲಿ ಒಂದನ್ನು `Invert` ಎಂಬ ಆಜ್ಞೆಯಿಂದ ತಲೆಕೆಳಗು ಮಾಡಿ ಎರಡನ್ನೂ ಒಟ್ಟಿಗೆ ನುಡಿಸಿದರೆ, ಎರಡರಲ್ಲೂ ಸಮಾನವಾಗಿರುವುದೆಲ್ಲ ಒಂದನ್ನೊಂದು ಕಳೆದುಕೊಂಡು ವ್ಯತ್ಯಾಸ ಮಾತ್ರ ಕೇಳುತ್ತದೆ. ಎಂಪಿ3 ಮಾಡುವಾಗ ಆರಂಭದಲ್ಲಿ ಚೂರು ಮೌನ ಸೇರಿಕೊಳ್ಳುವುದರಿಂದ ಟ್ರ್ಯಾಕುಗಳನ್ನು ಮೊದಲು ಸರಿಯಾಗಿ ಜೋಡಿಸಿಕೊಳ್ಳಬೇಕು. ಇಲ್ಲವಾದರೆ ಪರೀಕ್ಷೆಗೆ ಅರ್ಥವಿಲ್ಲ. ಎಂಪಿ3ಯಿಂದ ಅಳಿಯನ ಫ್ಲ್ಯಾಕ್ ಕಳೆದಾಗ ಕಿವಿಗೆ ಕೇಳುವಂಥದ್ದೇನೂ ಉಳಿಯಲಿಲ್ಲ. ಮೂಲದಿಂದ ಅದೇ ಫ್ಲ್ಯಾಕನ್ನು ಕಳೆದಾಗ ಮರಳು ಸುರಿದಂಥ ಒಂದು ಸದ್ದು, ಪದ್ಯದ ನಡೆಯನ್ನೇ ಹಿಂಬಾಲಿಸುತ್ತಾ, ಚಂಡೆ ಬಂದಲ್ಲಿ ಉಕ್ಕುತ್ತಾ ನಾಲ್ಕು ನಿಮಿಷ ಕೇಳಿತು. "ಇದು ಹೋದದ್ದು" ಎಂದೆ. ಅಳಿಯ ಹೆಡ್‌ಫೋನ್ ತೆಗೆಯದೆ ಕೊನೆಯವರೆಗೂ ಕೇಳಿದ. ಆಮೇಲೆ ಮೂಲ ವೇವ್‌ನಿಂದಲೇ ಹೊಸದಾಗಿ ಒಂದು ಫ್ಲ್ಯಾಕ್ ಮಾಡಿ, ಅದನ್ನು ಮೂಲದಿಂದ ಕಳೆದೆವು. ನೇರ ಗೆರೆ. ಏನೂ ಇಲ್ಲ.

ಬೇರೆಯವರು ಕೊಟ್ಟ ಫ್ಲ್ಯಾಕ್ ನಿಜವಾದದ್ದೋ ಎಂಪಿ3ಗೆ ಹೊದಿಸಿದ ಹೊಸ ಬಟ್ಟೆಯೋ ಎಂದು ತಿಳಿಯಲೂ ಬಣ್ಣದ ಚಿತ್ರ ನೆರವಾಗುತ್ತದೆ. ಮೇಲ್ಭಾಗ ಪಟ್ಟಿ ಹಿಡಿದು ಕತ್ತರಿಸಿದ ಹಾಗಿದ್ದರೆ ಅನುಮಾನ ಪಡಬೇಕು. ಆದರೆ ಇದೊಂದನ್ನೇ ನೋಡಿ ತೀರ್ಪು ಕೊಡಬಾರದು. ಹಳೆಯ ಕ್ಯಾಸೆಟ್, ರೇಡಿಯೋ ರೆಕಾರ್ಡಿಂಗ್‌ಗಳ ಮೂಲದಲ್ಲೇ ಎತ್ತರದ ಸ್ಥಾಯಿ ಇರುವುದಿಲ್ಲ. ಇನ್ನೊಂದು ಕಡೆ, 320 ಕೆಬಿಪಿಎಸ್ ಎಂಪಿ3ಯಲ್ಲಿ ಕತ್ತರಿ ಬೀಳುವುದು 20 ಕಿಲೋಹರ್ಟ್ಸ್ ಸುಮಾರಿಗೆ, ಅದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಫೈಲಿನ ಗಾತ್ರ, ಹೆಸರಿನ ಕೊನೆಯ `.flac` ಎಂಬ ಬಾಲ, ಪ್ಲೇಯರ್ ತೋರಿಸುವ 800 ಕೆಬಿಪಿಎಸ್ ಎಂಬ ಅಂಕಿ ಇವು ಯಾವುವೂ ಸಾಕ್ಷಿಯೇ ಅಲ್ಲ.

128ರ ಎಂಪಿ3ಯನ್ನು 320ರ ಎಂಪಿ3 ಮಾಡಿ ಸುಧಾರಿಸಿದೆ ಎನ್ನುವವರೂ ಇದ್ದಾರೆ. ಅದು ಫ್ಲ್ಯಾಕ್ ಮಾಡುವುದಕ್ಕಿಂತ ಕೆಟ್ಟದ್ದು. ಅಂದಾಜಿನ ಮೇಲೆ ಮತ್ತೊಂದು ಅಂದಾಜು ಬಿದ್ದು ಇನ್ನಷ್ಟು ಕಳೆಯುತ್ತದೆ. ಫ್ಲ್ಯಾಕ್ ಕನಿಷ್ಠ ಹೊಸ ಹಾನಿ ಮಾಡುವುದಿಲ್ಲ. ಆ ಕಾರಣಕ್ಕೆ ಅದರ ಉಪಯೋಗ ಒಂದಿದೆ: ಎಂಪಿ3 ಒಂದೇ ಉಳಿದಿದ್ದು, ಅದರ ಗದ್ದಲ ತೆಗೆಯುವುದು, ಕತ್ತರಿಸಿ ಜೋಡಿಸುವುದು ಮುಂತಾದ ಕೆಲಸ ಹಲವು ಹಂತಗಳಲ್ಲಿ ಆಗಬೇಕಿದ್ದರೆ, ನಡುವಿನ ಹಂತಗಳನ್ನು ಫ್ಲ್ಯಾಕ್ ಅಥವಾ ವೇವ್‌ನಲ್ಲಿ ಉಳಿಸುವುದು ಒಳ್ಳೆಯದು. ಎತ್ತರದ ಸ್ಥಾಯಿಯನ್ನು ತುಂಬಿಕೊಡುವ ಸಾಫ್ಟ್‌ವೇರ್‌ಗಳೂ ಇವೆ. ಕೇಳಲು ಹಿತವಾಗಬಹುದು, ಆದರೆ ಅವು ತುಂಬುವುದು ಊಹೆಯನ್ನು. ಆ ರಾತ್ರಿಯ ಚಕ್ರತಾಳ ಅದಲ್ಲ.

ಫೋಟೋಗಳಲ್ಲೂ ಇದೇ ಕಥೆ. ಜೆಪೆಗ್ ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಒಡೆದು, ಒಂದೊಂದು ಚೌಕದ ವಿವರವನ್ನೂ ಅಂದಾಜಿಗೆ ಇಳಿಸುತ್ತದೆ. ವಾಟ್ಸಾಪಿನಲ್ಲಿ ಬಂದ ಮದುವೆ ಫೋಟೋವನ್ನು ಪಿಎನ್‌ಜಿ ಮಾಡಿ ಫ್ರೇಮ್ ಹಾಕಿಸಲು ಕೊಟ್ಟರೆ, ಸೀರೆಯ ಅಂಚಿನಲ್ಲಿ ಕಾಣುವ ಚೌಕಗಳು ಪಿಎನ್‌ಜಿಯಲ್ಲೂ ಹಾಗೇ ಇರುತ್ತವೆ. ಫೋಟೋ ತೆಗೆದವರಿಂದ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಂಡರೆ ಮಾತ್ರ ಕ್ಯಾಮರಾದ ಫೈಲ್ ಹಾಗೆಯೇ ಬರುತ್ತದೆ.

ಅಳಿಯ ತನ್ನ 24 ಎಂಬಿಯ ಫೈಲನ್ನು ಅಳಿಸಿ, ಎಂಪಿ3ಯನ್ನೂ ಗೆಳೆಯರು ಉಳಿಸಿದ್ದ ಮೂಲ ಪದ್ಯವನ್ನೂ ಬೇರೆ ಬೇರೆ ಎರಡು ಡಿಸ್ಕಿನಲ್ಲಿ ನಕಲು ಮಾಡಿಟ್ಟ. ಆಟದ ಉಳಿದ ಭಾಗಕ್ಕೆ ಇನ್ನು ಆ ಎಂಪಿ3ಯೇ ಮೂಲ.

ಈ ಸಲದ ತಿರುಗಾಟದಲ್ಲಿ ರೆಕಾರ್ಡರ್ ಹಿಡಿದು ಚೌಕಿಯ ಬಳಿ ಕೂರುವವರು ಎಷ್ಟೋ ಜನ ಇದ್ದೀರಿ. ಮನೆಯಲ್ಲಿ ಅಜ್ಜಿಯ ಸೋಬಾನೆ ಹಾಡು ಹಿಡಿದಿಟ್ಟುಕೊಂಡವರೂ ಇದ್ದೀರಿ. ಒಂದು ರಾತ್ರಿಯ ಆಟ ಫ್ಲ್ಯಾಕ್‌ನಲ್ಲಿ ಸುಮಾರು 3 ಜಿಬಿ ಆಗುತ್ತದೆ, 64 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಇಪ್ಪತ್ತು ರಾತ್ರಿ ಹಿಡಿಯುತ್ತದೆ. ಹಂಚಲು ಎಂಪಿ3 ಮಾಡಿಕೊಳ್ಳಿ. ಆದರೆ ಕಾರ್ಡಿನಲ್ಲಿರುವ ವೇವ್ ಅಳಿಸುವ ಮೊದಲು, ದಯವಿಟ್ಟು, ಆ ವೇವ್‌ನಿಂದಲೇ ಒಂದು ಫ್ಲ್ಯಾಕ್ ಪ್ರತಿ ಮಾಡಿಟ್ಟುಕೊಳ್ಳಿ.